ಡಾಲರ್ ಏರಿದರೂ ಕಾಫಿಗೆ ನಷ್ಟ ಯಾಕೆ? ವಿನಿಮಯ ದರದ ಮೂರು ಪೆಟ್ಟುಗಳನ್ನು ಬೇರೆ ಬೇರೆಯಾಗಿ ಅಳೆಯುವ ಕ್ರಮ

ಡಾಲರ್ ಏರಿದರೆ ರಫ್ತುದಾರನಿಗೆ ಲಾಭ, ಇಳಿದರೆ ನಷ್ಟ ಎಂಬ ಮಾತು ಕಾಫಿ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. 2011ರ ಮೇ ತಿಂಗಳಲ್ಲಿ 45 ರೂಪಾಯಿ ಇದ್ದ ಡಾಲರ್ 2015ರ ಸೆಪ್ಟೆಂಬರ್ ಹೊತ್ತಿಗೆ 66 ರೂಪಾಯಿ ಆಗಿತ್ತು. ಆ ಮಾತು ಪೂರ್ತಿ ನಿಜವಾಗಿದ್ದರೆ ಚಿಕ್ಕಮಗಳೂರು, ಕೊಡಗು, ಹಾಸನದ ಅರೇಬಿಕಾ ಬೆಳೆಗಾರರಿಗೆ ಆ ನಾಲ್ಕು ವರ್ಷ ಸುಗ್ಗಿಯಾಗಬೇಕಿತ್ತು. ಆದರೆ ನ್ಯೂಯಾರ್ಕ್ ಮಾರುಕಟ್ಟೆಯ ದರವನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಅದೇ ಅವಧಿಯಲ್ಲಿ ಅರೇಬಿಕಾ ಬೆಲೆ ಶೇ. 40ರಷ್ಟು ಕುಸಿದಿತ್ತು. ಇದಕ್ಕೆ ಫಸಲು, ದಾಸ್ತಾನು ಎಂದು ಹಲವು ಕಾರಣ ಹೇಳಬಹುದು. ಆದರೆ ಒಂದು ದೊಡ್ಡ ಕಾರಣ ಡಾಲರಿನಲ್ಲೂ ಇರಲಿಲ್ಲ, ರೂಪಾಯಿಯಲ್ಲೂ ಇರಲಿಲ್ಲ. ಅದು ಬ್ರೆಜಿಲ್‌ನ ರಿಯಾಲ್‌ನಲ್ಲಿತ್ತು.

ವಿನಿಮಯ ದರ ಒಂದು ಕಂಪನಿಯನ್ನು ಮೂರು ದಾರಿಯಲ್ಲಿ ಮುಟ್ಟುತ್ತದೆ. ಒಪ್ಪಂದ ಮಾಡಿದ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ದರ ಬದಲಾಗಿ ಬೀಳುವ ಪೆಟ್ಟು ಟ್ರಾನ್ಸಾಕ್ಷನ್ ಎಕ್ಸ್‌ಪೋಶರ್. ಹೊರದೇಶದ ಘಟಕದ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಬರೆಯುವಾಗ ಕಾಣುವ ಏರಿಳಿತ ಟ್ರಾನ್ಸ್‌ಲೇಷನ್ ಎಕ್ಸ್‌ಪೋಶರ್. ದರದ ಬದಲಾವಣೆಯಿಂದ ಪೈಪೋಟಿಯ ನೆಲೆಯೇ ಸರಿದು, ಮುಂದಿನ ವರ್ಷಗಳ ಸಂಪಾದನೆ ಕರಗುವುದು ಎಕನಾಮಿಕ್ ಎಕ್ಸ್‌ಪೋಶರ್. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಕೆಲವೊಮ್ಮೆ ರೋಗಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

ಲೆಕ್ಕಕ್ಕಾಗಿ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಕುಶಾಲನಗರದಲ್ಲಿ ಅದರ ಕ್ಯೂರಿಂಗ್ ವರ್ಕ್ಸ್ ಇದೆ. ಬೆಳೆಗಾರರಿಂದ ರೋಬಸ್ಟಾ ಚೆರ್ರಿ ಕೊಂಡು, ಹಸನು ಮಾಡಿ, ಯುರೋಪಿಗೆ ಕಳಿಸುತ್ತದೆ. ಸ್ವಂತ ಅರೇಬಿಕಾ ತೋಟವೂ ಇದೆ. ಜರ್ಮನಿಯಲ್ಲಿ ಚಿಕ್ಕದೊಂದು ಹುರಿಯುವ ಘಟಕವನ್ನೂ ಕೊಂಡಿದೆ. ಕಂಪನಿ ಊಹೆಯದು, ಕರೆನ್ಸಿ ದರಗಳು ಆಯಾ ಕಾಲದಲ್ಲಿ ಇದ್ದ ದರಗಳಿಗೆ ಹತ್ತಿರವಾದ ಪೂರ್ಣಾಂಕಗಳು.

ಮೊದಲ ಹೆಜ್ಜೆ: ಬಿಲ್ಲಿನಿಂದಲ್ಲ, ಮಾತು ಕೊಟ್ಟ ದಿನದಿಂದ ಎಣಿಸಿ

ಹೆಚ್ಚಿನ ಕಂಪನಿಗಳಲ್ಲಿ ಡಾಲರ್ ಬಾಕಿಯ ಪಟ್ಟಿ ಕೇಳಿದರೆ ಅಕೌಂಟ್ಸ್ ವಿಭಾಗ ಬಿಲ್ ಆಗಿ ಹಣ ಬರಬೇಕಾದ ಲೆಕ್ಕವನ್ನಷ್ಟೇ ಕೊಡುತ್ತದೆ. ಅಪಾಯ ಅದಕ್ಕಿಂತ ಬಹಳ ಮೊದಲೇ ಶುರುವಾಗಿರುತ್ತದೆ.

2025ರ ಫೆಬ್ರವರಿ ಮಧ್ಯಭಾಗದ ಒಂದು ಒಪ್ಪಂದ ನೋಡಿ. ಐದು ಕಂಟೇನರ್ ರೋಬಸ್ಟಾ. ಒಂದೊಂದರಲ್ಲೂ 60 ಕೆಜಿಯ 320 ಚೀಲ, ಅಂದರೆ 19.2 ಟನ್. ಒಟ್ಟು 96 ಟನ್. ಬೆಲೆ ಟನ್ನಿಗೆ 5,000 ಡಾಲರ್ ಎಂದಿಟ್ಟುಕೊಳ್ಳೋಣ. ಬರಬೇಕಾದದ್ದು 4,80,000 ಡಾಲರ್. ಆ ದಿನ ಡಾಲರ್ 87 ರೂಪಾಯಿ; ಹಾಗಾಗಿ ಕಂಪನಿಯ ಎಣಿಕೆಯಲ್ಲಿ 4,17,60,000 ರೂಪಾಯಿ. ಕಾಫಿ ಖರೀದಿ, ಕ್ಯೂರಿಂಗ್, ಚೀಲ, ಲಾರಿ, ಬಂದರು ವೆಚ್ಚ, ಬಡ್ಡಿ ಎಲ್ಲ ಸೇರಿ ಖರ್ಚು 4,05,00,000 ರೂಪಾಯಿ. ಉಳಿಯುವುದು 12,60,000 ರೂಪಾಯಿ, ಅಂದರೆ ಶೇ. 3ರ ಲಾಭ. ಕಾಫಿ ವ್ಯಾಪಾರದಲ್ಲಿ ಲಾಭದ ಪದರ ಇಷ್ಟು ತೆಳು ಇರುವುದು ಸಾಮಾನ್ಯ.

ಫೆಬ್ರವರಿಯಲ್ಲಿ 87ರ ಆಚೆ ಇದ್ದ ಡಾಲರ್ ಮಾರ್ಚ್ ಕೊನೆಗೆ 85.50ರ ಹತ್ತಿರಕ್ಕೆ ಇಳಿಯಿತು. ರೂಪಾಯಿ ಯಾವಾಗಲೂ ಬೀಳುತ್ತಲೇ ಇರುತ್ತದೆ ಎಂದು ನಂಬಿ ಸುಮ್ಮನಿದ್ದವರಿಗೆ ಆ ಆರು ವಾರ ಕಷ್ಟದ್ದಾಯಿತು. ನಮ್ಮ ಕಂಪನಿಯ ಹಣ ಮಾರ್ಚ್ ಕೊನೆಗೆ ಬಂತೆನ್ನಿ. ಕೈಗೆ ಸಿಕ್ಕಿದ್ದು 4,10,40,000 ರೂಪಾಯಿ, ಲಾಭ 5,40,000. ಡಾಲರ್ ಇಳಿದದ್ದು ಶೇ. 2ಕ್ಕೂ ಕಡಿಮೆ, ಲಾಭದಲ್ಲಿ ಹೋದದ್ದು ಅರ್ಧಕ್ಕೂ ಹೆಚ್ಚು.

ಈ 7,20,000 ರೂಪಾಯಿ ನಷ್ಟ ಲೆಕ್ಕಪುಸ್ತಕದಲ್ಲಿ ಎಲ್ಲಿ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸರಕು ಹಡಗು ಹತ್ತಿ ಬಿಲ್ ಆದ ದಿನ ಡಾಲರ್ 86.20 ಇತ್ತೆನ್ನೋಣ. ಲೆಕ್ಕದ ನಿಯಮದ ಪ್ರಕಾರ ಮಾರಾಟವನ್ನು ಆ ದಿನದ ದರದಲ್ಲಿ ಬರೆಯುತ್ತಾರೆ. ಅಲ್ಲಿಂದ ಮುಂದೆ 86.20ರಿಂದ 85.50ಕ್ಕೆ ಇಳಿದ 70 ಪೈಸೆಯ ನಷ್ಟ, ಅಂದರೆ 3,36,000 ರೂಪಾಯಿ, ‘ವಿನಿಮಯ ವ್ಯತ್ಯಾಸ’ ಎಂಬ ತಲೆಬರಹದಡಿ ಕಾಣುತ್ತದೆ. ಒಪ್ಪಂದದ ದಿನದ 87ರಿಂದ 86.20ಕ್ಕೆ ಇಳಿದ 80 ಪೈಸೆಯ ನಷ್ಟ, ಅಂದರೆ 3,84,000 ರೂಪಾಯಿ, ಎಲ್ಲಿಯೂ ಕಾಣುವುದಿಲ್ಲ. ಮಾರಾಟದ ಮೊತ್ತವೇ ಅಷ್ಟು ಕಡಿಮೆ ಬರೆದಿರುತ್ತದೆ. ವರ್ಷದ ಕೊನೆಗೆ ‘ಈ ಸಲ ವ್ಯಾಪಾರದಲ್ಲೇ ಲಾಭ ಕಮ್ಮಿ’ ಎನ್ನುವ ಮಾತು ಬರುತ್ತದೆ, ನಷ್ಟದ ದೊಡ್ಡ ಪಾಲು ವಿನಿಮಯದ್ದು ಎಂದು ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಪಟ್ಟಿಯನ್ನು ಹೀಗೆ ಮಾಡಿ: ಒಪ್ಪಂದದ ದಿನ, ಬೆಲೆ ಖಚಿತವಾದ ದಿನ, ಹಡಗು ಹತ್ತುವ ದಿನ, ಹಣ ಬರುವ ದಿನ, ಡಾಲರ್ ಮೊತ್ತ, ಒಪ್ಪಂದದ ದಿನದ ದರ. ಬೆಲೆ ಖಚಿತವಾದ ದಿನಕ್ಕೆ ಬೇರೆ ಅಂಕಣ ಬೇಕೇಬೇಕು. ಕಾಫಿಯಲ್ಲಿ ಎಷ್ಟೋ ಒಪ್ಪಂದಗಳು ರೋಬಸ್ಟಾದ ಮುಂಗಡ ವ್ಯಾಪಾರ ನಡೆಯುವ ಲಂಡನ್ ಫ್ಯೂಚರ್ಸ್ ಮಾರುಕಟ್ಟೆಯ ದರಕ್ಕೆ ಇಷ್ಟು ಡಾಲರ್ ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಆಗಿರುತ್ತವೆ. ನಿಜವಾದ ಬೆಲೆ ಆಮೇಲೆ ಕೂರುತ್ತದೆ. ಬೆಲೆ ಕೂರುವ ತನಕ ಡಾಲರ್ ಮೊತ್ತವೇ ಗೊತ್ತಿರುವುದಿಲ್ಲ. ಅಂಥ ಒಪ್ಪಂದಕ್ಕೆ ಮೊದಲೇ ಡಾಲರ್ ಮಾರಿಟ್ಟರೆ, ಲಂಡನ್ ದರ ಬಿದ್ದಾಗ ಬರುವ ಡಾಲರಿಗಿಂತ ಮಾರಿದ ಡಾಲರೇ ಹೆಚ್ಚಾಗಿ ಕೂರುತ್ತದೆ.

ಅದೇ ಪಟ್ಟಿಯ ಇನ್ನೊಂದು ಬದಿಯಲ್ಲಿ ಡಾಲರಿನಲ್ಲಿ ಕೊಡಬೇಕಾದ್ದನ್ನು ಬರೆಯಿರಿ. ಹಡಗು ಬಾಡಿಗೆ, ಹೊರದೇಶದ ಏಜೆಂಟರ ಕಮಿಷನ್, ಯಂತ್ರದ ಬಿಡಿಭಾಗ. ರಫ್ತಿನ ಡಾಲರನ್ನು ಬ್ಯಾಂಕಿನ ಇಇಎಫ್‌ಸಿ ಖಾತೆಯಲ್ಲಿ ಮುಂದಿನ ತಿಂಗಳ ಕೊನೆಯವರೆಗೆ ಡಾಲರಾಗಿಯೇ ಇಟ್ಟುಕೊಂಡು ಇವನ್ನು ತೀರಿಸಬಹುದು. ಹೀಗೆ ಕಳೆದು ಉಳಿದ ಮೊತ್ತವೇ ನಿಮ್ಮ ನಿಜವಾದ ಎಕ್ಸ್‌ಪೋಶರ್.

ಎರಡನೇ ಹೆಜ್ಜೆ: ಅಸಲು ಗಿಟ್ಟುವ ದರ ತಿಳಿದು, ಆಮೇಲೆ ಬ್ಯಾಂಕಿಗೆ ಹೋಗಿ

ಪ್ರತಿ ಒಪ್ಪಂದಕ್ಕೂ ಒಂದು ಸಂಖ್ಯೆ ಕಂಡುಹಿಡಿಯಿರಿ: ಒಟ್ಟು ಖರ್ಚನ್ನು ಡಾಲರ್ ಮೊತ್ತದಿಂದ ಭಾಗಿಸಿದರೆ ಬರುವುದು. ನಮ್ಮ ಲೆಕ್ಕದಲ್ಲಿ 4,05,00,000 ಭಾಗಿಸು 4,80,000, ಅಂದರೆ 84.38 ರೂಪಾಯಿ. ಡಾಲರ್ ಇದರ ಕೆಳಗಿಳಿದರೆ ಅಸಲಿಗೇ ಮೋಸ. ಈ ಸಂಖ್ಯೆ ಕಣ್ಣೆದುರಿದ್ದರೆ ‘ಇನ್ನೂ ನಾಲ್ಕು ದಿನ ಕಾಯೋಣ’ ಎನ್ನುವ ಚರ್ಚೆಗೆ ಒಂದು ತಳ ಸಿಗುತ್ತದೆ.

ಭದ್ರಪಡಿಸುವ ಸರಳ ದಾರಿ ಫಾರ್ವರ್ಡ್ ಒಪ್ಪಂದ. ಎರಡು ತಿಂಗಳ ನಂತರ ಕೊಡುವ ಡಾಲರನ್ನು ಬ್ಯಾಂಕು ಇಂದೇ ನಿಗದಿಯಾದ ದರಕ್ಕೆ ಕೊಳ್ಳುತ್ತದೆ. ಭಾರತದ ಬಡ್ಡಿ ದರ ಅಮೆರಿಕದ್ದಕ್ಕಿಂತ ಹೆಚ್ಚಿರುವಾಗ ಫಾರ್ವರ್ಡ್ ದರ ಇಂದಿನ ದರಕ್ಕಿಂತ ಸ್ವಲ್ಪ ಮೇಲಿರುತ್ತದೆ. ರಫ್ತುದಾರನಿಗೆ ಅದು ಅನುಕೂಲ. ಈ ಹೆಚ್ಚಳವೇ ಪ್ರೀಮಿಯಂ. ಎರಡು ತಿಂಗಳಿಗೆ ಅದು 30 ಪೈಸೆ ಎಂದರೆ 87.30ಕ್ಕೆ ಮಾರಬಹುದು. ಆಗ ಡಾಲರ್ ಏನೇ ಆದರೂ ಬರುವುದು 4,19,04,000 ರೂಪಾಯಿ, ಲಾಭ 14,04,000. ಶೇ. 3ರ ಲಾಭದ ಮೇಲೆ ನಡೆಯುವ ವ್ಯಾಪಾರದಲ್ಲಿ, ಬೆಲೆ ಖಚಿತವಾದ ಒಪ್ಪಂದವನ್ನು ಪೂರ್ತಿ ಭದ್ರಪಡಿಸುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಕಾಫಿಯ ಗುಣಮಟ್ಟ, ಖರೀದಿ, ಸಮಯಕ್ಕೆ ಸಾಗಣೆ ಇವುಗಳಲ್ಲಿ ಗಳಿಸಿದ್ದನ್ನು ಡಾಲರ್ ಮೇಲಿನ ಊಹೆಗೆ ಒಡ್ಡಲು ಅಲ್ಲಿ ಜಾಗವಿಲ್ಲ. ಸ್ವಂತ ತೋಟದ ಕಾಫಿಯ ಕತೆ ಬೇರೆ. ಅಲ್ಲಿ ಖರ್ಚಿಗೂ ಬೆಲೆಗೂ ಅಂತರ ದೊಡ್ಡದು, ಫಸಲು ಎಷ್ಟಾಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಒಂದು ಪಾಲನ್ನು ಮಾತ್ರ ಭದ್ರಪಡಿಸುವುದು ಸಾಕು.

ಇಲ್ಲಿ ತಪ್ಪುವುದು ಹೆಚ್ಚಾಗಿ ಮೂರು ಕಡೆ.

ಮೊದಲನೆಯದು ದಿನಾಂಕ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳಿಂದಾಗಿ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದಾಗ ಸರಕು ಮುಟ್ಟುವುದೂ ಹಣ ಬರುವುದೂ ವಾರಗಟ್ಟಲೆ ತಡವಾಯಿತು. ಫಾರ್ವರ್ಡ್‌ನ ದಿನ ಬಂದು, ಕೊಡಲು ಡಾಲರ್ ಇಲ್ಲ ಎನ್ನಿ. ಆ ದಿನ ಡಾಲರ್ 89 ಆಗಿದ್ದರೆ ಒಪ್ಪಂದ ರದ್ದು ಮಾಡಲು 87.30ಕ್ಕೂ 89ಕ್ಕೂ ಇರುವ ವ್ಯತ್ಯಾಸ, ಅಂದರೆ 8,16,000 ರೂಪಾಯಿಯನ್ನು ತಕ್ಷಣ ಕಟ್ಟಬೇಕು. ಮುಂದೆ ಡಾಲರ್ ಬಂದಾಗ ಹೆಚ್ಚಿನ ದರ ಸಿಕ್ಕಿ ಅದು ಬಹುಪಾಲು ಸರಿಹೋಗಬಹುದು, ಆದರೆ ಸುಗ್ಗಿಯ ಖರೀದಿಯ ನಡುವೆ ಅಷ್ಟು ನಗದು ಹೊರಗೆ ಹೋಗುವುದು ಸಣ್ಣ ಮಾತಲ್ಲ. ಒಂದೇ ದಿನಾಂಕಕ್ಕೆ ಕಟ್ಟಿಹಾಕುವ ಬದಲು, ಒಂದು ತಿಂಗಳ ಅವಧಿಯೊಳಗೆ ಯಾವ ದಿನ ಬೇಕಾದರೂ ಡಾಲರ್ ಕೊಡಬಹುದಾದಂಥ ಫಾರ್ವರ್ಡ್ ಕೇಳಿ. ನಿಮಗೆ ಸಿಗುವ ಪ್ರೀಮಿಯಂ ಕೊಂಚ ಕಡಿಮೆಯಾಗುತ್ತದೆ, ಆದರೆ ನೆಮ್ಮದಿ ಇರುತ್ತದೆ.

ಎರಡನೆಯದು ಒಂದೇ ಡಾಲರನ್ನು ಎರಡು ಸಲ ಮಾರುವುದು. ಸಾಗಣೆಗೆ ಮೊದಲು ಬ್ಯಾಂಕಿನಿಂದ ಡಾಲರಿನಲ್ಲೇ ತೆಗೆಯುವ ಪಿಸಿಎಫ್‌ಸಿ ಸಾಲವನ್ನು ಎಲ್ಲರೂ ಕಡಿಮೆ ಬಡ್ಡಿಯ ಸಾಲ ಎಂದಷ್ಟೇ ನೋಡುತ್ತಾರೆ. ಆದರೆ ಅದರಲ್ಲೇ ಭದ್ರತೆಯೂ ಅಡಗಿದೆ. 4,80,000 ಡಾಲರ್ ಸಾಲ ತೆಗೆದು ಅದನ್ನು 87ಕ್ಕೆ ರೂಪಾಯಿ ಮಾಡಿಕೊಂಡು ಬೆಳೆಗಾರರಿಗೆ ಕೊಟ್ಟಿರಿ. ಖರೀದಿದಾರನ ಡಾಲರ್ ಬಂದಾಗ ಅದರಿಂದಲೇ ಸಾಲ ತೀರುತ್ತದೆ. ದರದ ಪ್ರಶ್ನೆ ಸಾಲ ತೆಗೆದ ದಿನವೇ ಮುಗಿದುಹೋಯಿತು. ಇದರ ಮೇಲೆ ಅದೇ ಬಿಲ್ಲಿಗೆ ಫಾರ್ವರ್ಡ್ ಕೂಡ ಮಾಡಿದರೆ, ಅವಧಿ ಮುಗಿದ ದಿನ ಕೊಡಲು ಡಾಲರ್ ಉಳಿದಿರುವುದಿಲ್ಲ. ಮಾರುಕಟ್ಟೆಯಿಂದ ಕೊಂಡು ಕೊಡಬೇಕು. ಡಾಲರ್ ಇಳಿಯುತ್ತದೆಂಬ ಭಯಕ್ಕೆ ರಕ್ಷಣೆ ಮಾಡಹೋಗಿ, ಡಾಲರ್ ಏರಿದರೆ ನಷ್ಟವಾಗುವ ಜಾಗದಲ್ಲಿ ನಿಂತಿರುತ್ತೀರಿ. ಸಾಲದ ಫೈಲು ಒಬ್ಬರ ಬಳಿ, ಫಾರ್ವರ್ಡ್ ಫೈಲು ಇನ್ನೊಬ್ಬರ ಬಳಿ ಇರುವ ಕಂಪನಿಯಲ್ಲಿ ಇದು ಬಹಳ ಸುಲಭವಾಗಿ ಆಗುತ್ತದೆ. ಮೇಲೆ ಹೇಳಿದ ಪಟ್ಟಿಯಲ್ಲಿ ಪಿಸಿಎಫ್‌ಸಿಗೆ ಒಂದು ಅಂಕಣ ಹಾಕಿ.

ಮೂರನೆಯದು ಅರ್ಥವಾಗದ ಒಪ್ಪಂದಗಳು. 2007ರಲ್ಲಿ ಡಾಲರ್ 40ರ ಕೆಳಗೆ ಇಳಿದಾಗ ಕಂಗಾಲಾದ ರಫ್ತುದಾರರಲ್ಲಿ ಹಲವರು, ತಿರುಪ್ಪೂರಿನ ಬಟ್ಟೆ ರಫ್ತುದಾರರೂ ಸೇರಿ, ಮೊದಲು ಏನೂ ಕೊಡಬೇಕಿಲ್ಲದ ಜಟಿಲ ಆಪ್ಷನ್ ಒಪ್ಪಂದಗಳಿಗೆ ಸಹಿ ಹಾಕಿದರು. 2008ರಲ್ಲಿ ದರಗಳು ತಿರುಗಿದಾಗ ಕೆಲವರು ಭಾರಿ ನಷ್ಟ ಹೊತ್ತು ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಪರೀಕ್ಷೆ ಸರಳ: ಯಾವುದೇ ಸಂದರ್ಭದಲ್ಲಿ ನಿಮ್ಮ ಬಿಲ್ಲಿಗಿಂತ ಹೆಚ್ಚು ಡಾಲರ್ ಕೊಡಬೇಕಾಗಿ ಬರುತ್ತದೆಯೇ, ಅಥವಾ ನೀವು ವ್ಯಾಪಾರವನ್ನೇ ಮಾಡದ ಕರೆನ್ಸಿಯೊಂದು ಒಪ್ಪಂದದಲ್ಲಿದೆಯೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಸಹಿ ಹಾಕಬೇಡಿ.

ಮೂರನೇ ಹೆಜ್ಜೆ: ಜರ್ಮನಿಯ ಘಟಕದ ‘ನಷ್ಟ’ವನ್ನು ನಗದಿನಿಂದ ಬೇರ್ಪಡಿಸಿ

ಕೊಡಗಿನಲ್ಲಿ ತೋಟಗಳಿದ್ದ ಟಾಟಾ ಕಾಫಿ 2006ರಲ್ಲಿ ಅಮೆರಿಕದ ಎಯ್ಟ್ ಓ ಕ್ಲಾಕ್ ಕಾಫಿಯನ್ನು 22 ಕೋಟಿ ಡಾಲರ್‌ಗೆ ಕೊಂಡಿತು. ಹೊರದೇಶದಲ್ಲಿ ಘಟಕವೊಂದು ಬಂದೊಡನೆ ಲೆಕ್ಕಪುಸ್ತಕಕ್ಕೆ ಹೊಸ ಬಗೆಯ ಏರಿಳಿತ ಬರುತ್ತದೆ. ಆ ಘಟಕದ ಆಸ್ತಿ, ಸಾಲ, ಲಾಭ ಎಲ್ಲ ಅಲ್ಲಿನ ಕರೆನ್ಸಿಯಲ್ಲೇ ಇದ್ದರೂ ಸಮೂಹದ ಒಟ್ಟು ಲೆಕ್ಕವನ್ನು ರೂಪಾಯಿಯಲ್ಲಿ ಬರೆಯಬೇಕು.

ನಮ್ಮ ಕಂಪನಿಯ ಜರ್ಮನ್ ಘಟಕಕ್ಕೆ 50 ಲಕ್ಷ ಯೂರೊ ಆಸ್ತಿ, ಅಲ್ಲಿನ ಬ್ಯಾಂಕಿನಲ್ಲಿ 30 ಲಕ್ಷ ಯೂರೊ ಸಾಲ. ನಿವ್ವಳ 20 ಲಕ್ಷ ಯೂರೊ. 2014ರ ಮಾರ್ಚ್ 31ರಂದು ಯೂರೊ ಸುಮಾರು 82.50 ರೂಪಾಯಿ ಇತ್ತು. ಐರೋಪ್ಯ ಕೇಂದ್ರ ಬ್ಯಾಂಕು 2015ರ ಜನವರಿಯಲ್ಲಿ ದೊಡ್ಡ ಪ್ರಮಾಣದ ಬಾಂಡ್ ಖರೀದಿ ಘೋಷಿಸಿದ ಮೇಲೆ ಯೂರೊ ಇನ್ನಷ್ಟು ಜಾರಿ, 2015ರ ಮಾರ್ಚ್ 31ಕ್ಕೆ ಸುಮಾರು 67.50 ಆಯಿತು. ಘಟಕದ ನಿವ್ವಳ ಮೌಲ್ಯ 16.5 ಕೋಟಿ ರೂಪಾಯಿಯಿಂದ 13.5 ಕೋಟಿಗೆ ಇಳಿಯಿತು. ಮೂರು ಕೋಟಿ ರೂಪಾಯಿ ಕಾಣೆಯಾಯಿತು. ಅಲ್ಲಿ ಹುರಿದ ಕಾಫಿ, ಗಿರಾಕಿ, ಯಂತ್ರ, ಬ್ಯಾಂಕಿನಲ್ಲಿರುವ ಯೂರೊ, ಯಾವುದೂ ಕಡಿಮೆಯಾಗಿಲ್ಲ.

ಈ ಮೂರು ಕೋಟಿ ಲಾಭ-ನಷ್ಟದ ಪಟ್ಟಿಗೆ ಬರುವುದಿಲ್ಲ. ಇಂದಿನ ಲೆಕ್ಕಪತ್ರ ನಿಯಮ ಇಂಡ್ ಎಎಸ್ 21ರ ಪ್ರಕಾರ ಹೊರದೇಶದ ಘಟಕದ ಆಸ್ತಿ, ಸಾಲವನ್ನು ವರ್ಷದ ಕೊನೆಯ ದರದಲ್ಲೂ ಆದಾಯ, ಖರ್ಚನ್ನು ಆಯಾ ದಿನದ ಅಥವಾ ಸರಾಸರಿ ದರದಲ್ಲೂ ತಿರುಗಿಸಿ, ವ್ಯತ್ಯಾಸವನ್ನು ಷೇರುದಾರರ ನಿಧಿಯೊಳಗಿನ ಪ್ರತ್ಯೇಕ ಮೀಸಲಿಗೆ ಹಾಕುತ್ತಾರೆ. ವಾರ್ಷಿಕ ವರದಿಯಲ್ಲಿ ‘ಫಾರಿನ್ ಕರೆನ್ಸಿ ಟ್ರಾನ್ಸ್‌ಲೇಷನ್ ರಿಸರ್ವ್’ ಎಂಬ ಸಾಲು ಹುಡುಕಿದರೆ ಸಿಗುತ್ತದೆ. ಘಟಕವನ್ನು ಮಾರಿದ ವರ್ಷ ಮಾತ್ರ ಅಲ್ಲಿ ಕೂಡಿಬಿದ್ದದ್ದು ಲಾಭ-ನಷ್ಟಕ್ಕೆ ಬರುತ್ತದೆ.

ಇದನ್ನು ಫಾರ್ವರ್ಡ್‌ನಿಂದ ತಡೆಯೋಣ ಎಂಬ ಸಲಹೆ ಆಡಳಿತ ಮಂಡಳಿಯ ಸಭೆಯಲ್ಲಿ ಬಂದರೆ ಎಚ್ಚರವಾಗಿರಿ. 20 ಲಕ್ಷ ಯೂರೊವನ್ನು ಫಾರ್ವರ್ಡ್‌ನಲ್ಲಿ ಮಾರಿಟ್ಟಿರಿ ಎನ್ನಿ. ಯೂರೊ 15 ರೂಪಾಯಿ ಏರಿತು. ಜರ್ಮನ್ ಘಟಕದ ಮೌಲ್ಯ ಪುಸ್ತಕದಲ್ಲಿ ಮೂರು ಕೋಟಿ ಹೆಚ್ಚಾಯಿತು, ಆದರೆ ಬ್ಯಾಂಕಿಗೆ ಮೂರು ಕೋಟಿಯಷ್ಟನ್ನು ನಗದಾಗಿ ಕಟ್ಟಬೇಕು. ಕಾಗದದ ಲಾಭವನ್ನು ಬ್ಯಾಂಕು ಒಪ್ಪುವುದಿಲ್ಲ. ನಗದು ಮುಟ್ಟದ ಅಪಾಯಕ್ಕೆ ನಗದು ಬೇಡುವ ಭದ್ರತೆ ಹೊಂದುವುದಿಲ್ಲ.

ಹಾಗೆಂದು ಟ್ರಾನ್ಸ್‌ಲೇಷನ್ ನಷ್ಟವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬ್ಯಾಂಕುಗಳು ಸಾಲ ಕೊಡುವಾಗ ಒಟ್ಟು ಸಾಲ ಸ್ವಂತ ಬಂಡವಾಳದ ಇಷ್ಟು ಪಟ್ಟು ಮೀರಬಾರದು ಎಂದು ಷರತ್ತು ಹಾಕುತ್ತವೆ. ನಮ್ಮ ಸಮೂಹದ ಸ್ವಂತ ಬಂಡವಾಳ 30 ಕೋಟಿ, ಒಟ್ಟು ಸಾಲ 42 ಕೋಟಿ, ಷರತ್ತು 1.5 ಪಟ್ಟು ಎಂದಿಟ್ಟುಕೊಳ್ಳಿ. ಯೂರೊ ಬೀಳುವ ಮೊದಲು ಅನುಪಾತ 1.4. ಬಿದ್ದ ಮೇಲೆ ಬಂಡವಾಳ 27 ಕೋಟಿಗೆ ಇಳಿಯಿತು. ಆದರೆ ಸಾಲದಲ್ಲಿ 30 ಲಕ್ಷ ಯೂರೊ ಇದ್ದುದರಿಂದ ಅದೂ ರೂಪಾಯಿ ಲೆಕ್ಕದಲ್ಲಿ 4.5 ಕೋಟಿ ಕುಗ್ಗಿ 37.5 ಕೋಟಿ ಆಯಿತು. ಅನುಪಾತ ಹೆಚ್ಚುಕಡಿಮೆ ಅಷ್ಟೇ, 1.39. ಅದೇ ಕಂಪನಿ ಜರ್ಮನ್ ಘಟಕವನ್ನು ಯೂರೊ ಸಾಲದ ಬದಲು ಭಾರತದಲ್ಲಿ ರೂಪಾಯಿ ಸಾಲ ಮಾಡಿ ಕೊಂಡಿದ್ದರೆ? 50 ಲಕ್ಷ ಯೂರೊ ಪೂರ್ತಿ ಬಯಲಿಗೆ ಬೀಳುತ್ತಿತ್ತು. ಬಂಡವಾಳ 7.5 ಕೋಟಿ ಕರಗಿ 22.5 ಕೋಟಿ; ಸಾಲ 42 ಕೋಟಿಯಲ್ಲೇ ನಿಂತಿರುತ್ತದೆ; ಅನುಪಾತ 1.87. ಷರತ್ತು ಮುರಿದು ಬ್ಯಾಂಕು ಬಾಗಿಲು ತಟ್ಟುತ್ತದೆ. ಆಗ ಕಾಗದದ ನಷ್ಟ ನಿಜವಾದ ನಷ್ಟವಾಗುತ್ತದೆ.

ಟ್ರಾನ್ಸ್‌ಲೇಷನ್ ಅಪಾಯಕ್ಕೆ ಒಳ್ಳೆಯ ಮದ್ದು ಘಟಕ ಕೊಳ್ಳುವ ದಿನವೇ ಸಿಗುತ್ತದೆ: ಆಸ್ತಿ ಯಾವ ಕರೆನ್ಸಿಯಲ್ಲಿದೆಯೋ ಸಾಲದ ದೊಡ್ಡ ಪಾಲೂ ಅದೇ ಕರೆನ್ಸಿಯಲ್ಲಿರಲಿ, ಅದನ್ನು ಆ ಘಟಕದ ಆದಾಯವೇ ತೀರಿಸಲಿ. ಹಾಗೆ ತೀರಿಸುವ ಆದಾಯ ಇಲ್ಲದಿದ್ದರೆ ಈ ಮದ್ದೇ ವಿಷವಾಗುತ್ತದೆ. ಬ್ರಿಟನ್ನಿನ ಲೇಕರ್ ಏರ್‌ವೇಸ್ ವಿಮಾನಗಳಿಗೆ ಡಾಲರಿನಲ್ಲಿ ಸಾಲ ಮಾಡಿತ್ತು, ಟಿಕೆಟಿನ ಆದಾಯದ ದೊಡ್ಡ ಪಾಲು ಪೌಂಡಿನಲ್ಲಿತ್ತು. ಡಾಲರ್ ಬಲವಾದಾಗ ಸಾಲದ ಹೊರೆ ತಾಳಲಾರದೆ 1982ರ ಫೆಬ್ರವರಿಯಲ್ಲಿ ಮುಳುಗಿತು.

ಘಟಕ ಲಾಭಾಂಶ ಘೋಷಿಸಿದ ಗಳಿಗೆಯಿಂದ ಆ ಮೊತ್ತ ಬರಬೇಕಾದ ಯೂರೊ ಬಾಕಿಯಾಗುತ್ತದೆ. ಅದನ್ನು ಮೊದಲ ಹೆಜ್ಜೆಯ ಪಟ್ಟಿಗೆ ಸೇರಿಸಿ. ಅದಕ್ಕೆ ಫಾರ್ವರ್ಡ್ ಮಾಡುವುದು ಸರಿ.

ನಾಲ್ಕನೇ ಹೆಜ್ಜೆ: ಬ್ರೆಜಿಲ್‌ನ ಬೆಳೆಗಾರನ ಕಣ್ಣಿನಿಂದ ಬೆಲೆ ನೋಡಿ

ಈಗ ಆರಂಭದ ಪ್ರಶ್ನೆ. ಜಗತ್ತಿನ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬ್ರೆಜಿಲ್‌ನದು. ಅರೇಬಿಕಾದಲ್ಲಿ ಅದೇ ದೊಡ್ಡಣ್ಣ. ಅಲ್ಲಿನ ಬೆಳೆಗಾರನಿಗೆ ಕೂಲಿ, ಮನೆ ಖರ್ಚು ಎಲ್ಲ ರಿಯಾಲ್‌ನಲ್ಲಿ. ಅವನು ಮಾರಬೇಕೇ ಬೇಡವೇ, ಹೊಸ ಗಿಡ ನೆಡಬೇಕೇ ಬೇಡವೇ ಎಂದು ಯೋಚಿಸುವುದು ನ್ಯೂಯಾರ್ಕ್‌ನ ಸೆಂಟ್ ದರ ನೋಡಿ ಅಲ್ಲ, ಅದು ರಿಯಾಲ್‌ನಲ್ಲಿ ಎಷ್ಟಾಗುತ್ತದೆ ಎಂದು ನೋಡಿ.

2011ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ ಸುಮಾರು 300 ಸೆಂಟ್, ಅಂದರೆ 3 ಡಾಲರ್. ಒಂದು ಡಾಲರಿಗೆ ಆಗ ಸುಮಾರು 1.60 ರಿಯಾಲ್. ಬ್ರೆಜಿಲ್‌ನವನ ಲೆಕ್ಕದಲ್ಲಿ ಪೌಂಡಿಗೆ 4.80 ರಿಯಾಲ್. 2015ರ ಸೆಪ್ಟೆಂಬರ್‌ನಲ್ಲಿ ಅರೇಬಿಕಾ ಸುಮಾರು 120 ಸೆಂಟಿಗೆ ಬಿದ್ದಿತ್ತು. ಡಾಲರ್ ಸುಮಾರು 4 ರಿಯಾಲ್ ಆಗಿತ್ತು. ಲೆಕ್ಕ ಹಾಕಿ: 1.20 ಡಾಲರ್ ಗುಣಿಸು 4, ಅಂದರೆ ಮತ್ತೆ 4.80 ರಿಯಾಲ್.

ಜಗತ್ತು ‘ಕಾಫಿ ಬೆಲೆ ಕುಸಿಯಿತು’ ಎನ್ನುತ್ತಿದ್ದಾಗ ಬ್ರೆಜಿಲ್‌ನವನ ಕೈಗೆ ಸಿಗುವ ಸಂಖ್ಯೆ ಬದಲಾಗಿರಲಿಲ್ಲ. ನಡುವೆ ಅಲ್ಲಿ ಹಣದುಬ್ಬರವಿತ್ತು, ಖರ್ಚು ಏರಿತ್ತು, ನಿಜ. ಆದರೂ 120 ಸೆಂಟಿನ ದರದಲ್ಲಿ ನಮ್ಮವರಿಗೆ ತಾಗಿದ ಬಿಸಿ ಅವನಿಗೆ ತಾಗಿರಲಿಲ್ಲ. ಮಾರಾಟ ನಿಲ್ಲಿಸಲು ಅವನಿಗೆ ಕಾರಣವಿರಲಿಲ್ಲ, ಹಾಗಾಗಿ ಬೆಲೆ ಮೇಲೇಳಲೂ ಕಾರಣ ಕಡಿಮೆಯಿತ್ತು.

ಅದೇ ಸಂಖ್ಯೆಗಳನ್ನು ನಮ್ಮ ಕಡೆಯಿಂದ ನೋಡಿ. 2011ರಲ್ಲಿ 3 ಡಾಲರ್ ಗುಣಿಸು 45, ಅಂದರೆ 135 ರೂಪಾಯಿ. 2015ರಲ್ಲಿ 1.20 ಗುಣಿಸು 66, ಅಂದರೆ ಸುಮಾರು 79 ರೂಪಾಯಿ. ಡಾಲರ್ ಎದುರು ರೂಪಾಯಿ ಬಿದ್ದದ್ದು ನಮಗೆ ನೆರವಾಯಿತು, ಆದರೆ ರಿಯಾಲ್ ಅದಕ್ಕಿಂತ ಬಹಳ ಹೆಚ್ಚು ಬಿದ್ದಿತ್ತು. 2011ರಲ್ಲಿ ಒಂದು ರಿಯಾಲ್‌ಗೆ ಸುಮಾರು 28 ರೂಪಾಯಿ, 2015ರಲ್ಲಿ 16.50. ಯಾವ ಬಿಲ್ಲಿನಲ್ಲೂ, ಯಾವ ಬ್ಯಾಂಕ್ ಪತ್ರದಲ್ಲೂ ಇಲ್ಲದ ಈ ದರವೇ ತೋಟದ ಆದಾಯವನ್ನು ತಿಂದದ್ದು. ಡಾಲರನ್ನೇ ಕಾಣದ, ಮನೆ ಅಂಗಳದಲ್ಲೇ ಪಾರ್ಚ್‌ಮೆಂಟ್ ಮಾರುವ ಸಣ್ಣ ಬೆಳೆಗಾರನಿಗೂ ಇದು ತಪ್ಪಲಿಲ್ಲ.

ಇದನ್ನು ನೀವೇ ಅಳೆಯಬಹುದು. ಒಂದು ಶೀಟ್ ತೆರೆದು ತಿಂಗಳಿಗೊಂದು ಸಾಲಿನಂತೆ ಕನಿಷ್ಠ ಐದು ವರ್ಷದ ಅಂಕಿ ಹಾಕಿ. B ಅಂಕಣದಲ್ಲಿ ನ್ಯೂಯಾರ್ಕ್ ಅರೇಬಿಕಾ ದರ ಸೆಂಟಿನಲ್ಲಿ, C ಅಂಕಣದಲ್ಲಿ ಒಂದು ಡಾಲರಿಗೆ ಎಷ್ಟು ರಿಯಾಲ್, D ಅಂಕಣದಲ್ಲಿ ಒಂದು ಡಾಲರಿಗೆ ಎಷ್ಟು ರೂಪಾಯಿ. ಮುಂದಿನ ಮೂರು ಅಂಕಣಗಳಿಗೆ:

```
E2: =B2/100*C2
F2: =B2/100*D2
G2: =D2/C2
```

E ಬ್ರೆಜಿಲ್‌ನವನಿಗೆ ಕಾಣುವ ಬೆಲೆ, F ನಮಗೆ ಕಾಣುವ ಬೆಲೆ, G ರಿಯಾಲ್‌ನ ರೂಪಾಯಿ ದರ. F ಇಳಿಯುತ್ತಿದ್ದು E ಗಟ್ಟಿಯಾಗಿ ನಿಂತಿದ್ದರೆ ಅದು ಎಕನಾಮಿಕ್ ಎಕ್ಸ್‌ಪೋಶರ್‌ನ ಗುರುತು. ಬೆಲೆಯ ಒತ್ತಡ ಬೇಗ ಹೋಗುವಂಥದ್ದಲ್ಲ ಎಂದು ತಿಳಿಯಬೇಕು. E ಮತ್ತು F ಎರಡೂ ಒಟ್ಟಿಗೆ ಇಳಿದರೆ ಅದು ಇಳುವರಿ, ಬೇಡಿಕೆಯ ಸಮಸ್ಯೆ. ಬ್ರೆಜಿಲ್‌ನವನಿಗೂ ನೋಯುತ್ತಿರುವುದರಿಂದ ಪೂರೈಕೆ ತಾನಾಗಿ ಬಿಗಿಯಾಗುವ ಸಾಧ್ಯತೆ ಹೆಚ್ಚು. ಈ ಅಳತೆಗೆ ಮಿತಿಯಿದೆ. 2014ರ ಬರ, 2021ರ ಜುಲೈನ ಹೆಪ್ಪುಗಟ್ಟಿದ ಇಬ್ಬನಿಯಂಥವು ಬಂದಾಗ ಫಸಲಿನ ಸುದ್ದಿ ಕರೆನ್ಸಿಯ ಪರಿಣಾಮವನ್ನು ಪೂರ್ತಿ ಮುಚ್ಚಿಹಾಕುತ್ತದೆ. ರೋಬಸ್ಟಾಕ್ಕೆ ಬ್ರೆಜಿಲ್ ಒಂದನ್ನೇ ನೋಡಿದರೆ ಸಾಲದು. ಅಲ್ಲಿ ಮೊದಲ ಸ್ಥಾನ ವಿಯೆಟ್ನಾಮಿನದು.

ಎರಡನೇ ಹೆಜ್ಜೆಯ ಫಾರ್ವರ್ಡ್ ಇಲ್ಲಿ ಕೆಲಸ ಮಾಡುವುದಿಲ್ಲ. ಫಾರ್ವರ್ಡ್‌ಗೆ ಮೊತ್ತ ಬೇಕು, ದಿನಾಂಕ ಬೇಕು. ಇಲ್ಲಿ ಎರಡೂ ಇಲ್ಲ. ಅಪಾಯದ ಕರೆನ್ಸಿ ಬಿಲ್ಲಿನಲ್ಲೇ ಇಲ್ಲ. ಮೂರು ತಿಂಗಳ ಡಾಲರನ್ನು ಭದ್ರಪಡಿಸಿಕೊಂಡವನಿಗೆ ಮುಂದಿನ ಫಸಲಿಗೆ ಕಡಿಮೆ ಬೆಲೆ ಕಾದೇ ಇರುತ್ತದೆ. ಬ್ಯಾಂಕುಗಳು ಭದ್ರಪಡಿಸದ ವಿದೇಶಿ ಕರೆನ್ಸಿ ಬಾಕಿಯ ವಿವರವನ್ನು ಕಂಪನಿಗಳಿಂದ ಮೂರು ತಿಂಗಳಿಗೊಮ್ಮೆ ಕೇಳುತ್ತವಲ್ಲ, ಆ ನಮೂನೆಯಲ್ಲೂ ರಿಯಾಲ್‌ಗೆ ಜಾಗವಿಲ್ಲ. ನಮೂನೆಯಲ್ಲಿ ಸೊನ್ನೆ ಬರೆದ ಕಂಪನಿಗೆ ಅಪಾಯವೂ ಸೊನ್ನೆ ಎಂದು ತಿಳಿಯಬಾರದು.

ಮದ್ದು ವ್ಯಾಪಾರದ ಒಳಗೇ ಇದೆ, ಅದಕ್ಕೆ ವರ್ಷಗಳು ಬೇಕು. ಮೊದಲು ನಿಮ್ಮ ಸರಕಿನಲ್ಲಿ ಎಷ್ಟು ಪಾಲು ನ್ಯೂಯಾರ್ಕ್ ದರಕ್ಕೆ ನೇರವಾಗಿ ಕಟ್ಟಿಕೊಂಡಿದೆ, ಎಷ್ಟು ಪಾಲಿಗೆ ಖರೀದಿದಾರ ನಿಮ್ಮ ಹೆಸರು ನೋಡಿ ಬೆಲೆ ಕೊಡುತ್ತಾನೆ ಎಂದು ಬೇರ್ಪಡಿಸಿ. ಮೈಸೂರ್ ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್‌ನಂಥ ಅರೇಬಿಕಾ, ತೊಳೆದ ರೋಬಸ್ಟಾದ ಕಾಪಿ ರಾಯಲ್ ಇಂಥ ದರ್ಜೆಗಳಿಗೆ ಸಿಗುವ ಹೆಚ್ಚುವರಿ ಬೆಲೆ ರಿಯಾಲ್ ಬಿದ್ದಾಕ್ಷಣ ಅಷ್ಟೇ ಪ್ರಮಾಣದಲ್ಲಿ ಬೀಳುವುದಿಲ್ಲ, ಏಕೆಂದರೆ ಬ್ರೆಜಿಲ್ ಕಾಫಿಯನ್ನು ಅದರ ಜಾಗದಲ್ಲಿ ಸುಲಭವಾಗಿ ಕೂರಿಸಲಾಗದು. ಆಮೇಲೆ ತೋಟದ ಆದಾಯದಲ್ಲಿ ಬೇರೆ ದರಕ್ಕೆ ಕಟ್ಟಿಕೊಂಡ ಪಾಲು ಎಷ್ಟಿದೆ ನೋಡಿ. 2015ರ ಸುಮಾರಿಗೆ ಕಾಫಿ ಕೈಕೊಟ್ಟಾಗ ಕೊಡಗು, ಚಿಕ್ಕಮಗಳೂರಿನ ಎಷ್ಟೋ ತೋಟಗಳನ್ನು ಎತ್ತಿ ಹಿಡಿದದ್ದು ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸು. ಆಗ ಅದರ ಬೆಲೆ ಬಹಳ ಮೇಲಿತ್ತು, ಮತ್ತು ದೊಡ್ಡ ಪಾಲು ದೇಶದೊಳಗೇ ಬಳಕೆಯಾಗುತ್ತಿದ್ದುದರಿಂದ ನ್ಯೂಯಾರ್ಕ್ ಕಾಫಿಯ ಜೊತೆ ಕುಸಿಯಲಿಲ್ಲ.

ಖರ್ಚಿನ ಕಡೆಯನ್ನೂ ಇದೇ ಕಣ್ಣಿನಿಂದ ನೋಡಿ. ಪೊಟ್ಯಾಶ್ ಗೊಬ್ಬರಕ್ಕೆ ಭಾರತ ಆಮದನ್ನೇ ನಂಬಿದೆ, ಹಾಗಾಗಿ ರೂಪಾಯಿ ಬಿದ್ದರೆ ಅದರ ಬೆಲೆಯ ಮೇಲೂ ಒತ್ತಡ ಬರುತ್ತದೆ. ರಿಯಾಲ್ ಬಿದ್ದು ಬೆಲೆ ಇಳಿದ ವರ್ಷವೇ ರೂಪಾಯಿಯೂ ಬಿದ್ದರೆ ತೋಟಕ್ಕೆ ಎರಡೂ ಕಡೆಯಿಂದ ಒತ್ತಡ. ಹಾಗಾಗಿ ತೋಟ ವಿಸ್ತರಿಸಲು ಏಳೆಂಟು ವರ್ಷದ ಸಾಲ ಎತ್ತುವ ಮೊದಲು ಕಂತಿನ ಲೆಕ್ಕವನ್ನು ಮೇಲಿನ ಶೀಟಿನ G ಅಂಕಣದ ಅತಿ ಕೆಳಗಿನ ದರ ಇಟ್ಟು ಒಮ್ಮೆ ಮಾಡಿ ನೋಡಿ: ರಿಯಾಲ್ ಮತ್ತೆ ಆ ದರಕ್ಕೆ ಇಳಿದರೆ, ಆಗ ಸಿಗುವ ಬೆಲೆಯಲ್ಲಿ ಕಂತು ಕಟ್ಟಲು ಆಗುತ್ತದೆಯೇ? ಆಗದಿದ್ದರೆ ಸಾಲದ ಮೊತ್ತವನ್ನು ಆಗುವಷ್ಟಕ್ಕೆ ಇಳಿಸಿ.